ಎಡಿಟ್ ಅವಕಾಶ ಮುಗಿದ ಮೇಲೆ ಅರ್ಜಿಯಲ್ಲಿ ಹೆಸರಿನ ತಪ್ಪು ಕಂಡರೆ: ಮನವಿ ಪತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೇಂದ್ರವೊಂದರಲ್ಲಿ ನನ್ನದು ಸಣ್ಣ ಸೈಬರ್ ಅಂಗಡಿ. ಸರ್ಕಾರಿ ಹುದ್ದೆಗಳ ಅರ್ಜಿ ತುಂಬುವುದೇ ಮುಖ್ಯ ಕೆಲಸ. ಕೊನೆಯ ದಿನಾಂಕ ಮುಗಿದು, ತಿದ್ದುಪಡಿಯ ಅವಕಾಶವೂ ಮುಗಿದು, ಒಂದು ವಾರ ಕಳೆದ ಮೇಲೆ ಯಾರಾದರೂ ಅರ್ಜಿಯ ಪ್ರಿಂಟ್ ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಹೆಸರಲ್ಲಿ ಒಂದಕ್ಷರ ಹೋಗ್ಬಿಟ್ಟಿದೆ, ಏನ್ಮಾಡೋದು?" ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇದು ಹೆಚ್ಚಾಗಿ ಕರ್ನಾಟಕ ಸರ್ಕಾರದ ನೇಮಕಾತಿ ಅರ್ಜಿಗಳಿಗೆ ಹೊಂದುವ ಮಾತು. ಕೇಂದ್ರದ ಪರೀಕ್ಷೆಗಳ ಕತೆ ಬೇರೆ, ಅದನ್ನು ಕೆಳಗೆ ಹೇಳಿದ್ದೇನೆ.

ನೇಮಕಾತಿ ಮಾಡುವ ಕಚೇರಿಗೆ ಮನವಿ ಪತ್ರ ಬರೆದರೆ ನಿಜವಾಗಿ ತಿದ್ದುತ್ತಾರಾ?

ತಿದ್ದಬಹುದು, ತಿದ್ದದೆಯೂ ಇರಬಹುದು. ಬಹುತೇಕ ಅಧಿಸೂಚನೆಗಳಲ್ಲಿ "ಕೊನೆಯ ದಿನಾಂಕದ ನಂತರ ಯಾವುದೇ ತಿದ್ದುಪಡಿಗೆ ಅವಕಾಶವಿಲ್ಲ" ಎಂಬ ಅರ್ಥದ ಸಾಲು ಇದ್ದೇ ಇರುತ್ತದೆ. ಹಾಗಾಗಿ ಪತ್ರ ಕೊಟ್ಟ ಮರುದಿನ ಲಾಗಿನ್ ಆಗಿ "ಇನ್ನೂ ಬದಲಾಗಿಲ್ಲವಲ್ಲ" ಎಂದು ನೋಡುತ್ತಾ ಕೂರಬೇಡಿ.

ಅವಕಾಶ ಮುಗಿದ ಮೇಲೆ ಅರ್ಜಿಗಳ ಮಾಹಿತಿಯನ್ನು ಹಾಗೇ ಮುಚ್ಚಿಡುತ್ತಾರೆ. ಅದರ ಮೇಲೆಯೇ ನೋಂದಣಿ ಸಂಖ್ಯೆ, ಪರೀಕ್ಷಾ ಕೇಂದ್ರ, ಹಾಲ್ ಟಿಕೆಟ್ ಎಲ್ಲ ತಯಾರಾಗುತ್ತವೆ. ಅದರಲ್ಲಿ ಒಂದು ಅಕ್ಷರ ಬದಲಿಸಬೇಕಾದರೂ ಯಾರೋ ಕುಳಿತಲ್ಲೇ ಬಟನ್ ಒತ್ತಿದರೆ ಆಗುವುದಿಲ್ಲ. ವಿಷಯ ನಿರ್ವಾಹಕರು ಕಡತದಲ್ಲಿ ಟಿಪ್ಪಣಿ ಬರೆಯಬೇಕು, ಮೇಲಿನವರು ಒಪ್ಪಬೇಕು. ಲಕ್ಷಗಟ್ಟಲೆ ಅರ್ಜಿ ಬಂದಿರುವಾಗ ಆ ಕಡತ ಬೇಗ ಓಡುವುದಿಲ್ಲ.

ಹಾಗಾದರೆ ಪತ್ರ ಯಾಕೆ? ನನ್ನ ಪ್ರಕಾರ ಅದರ ನಿಜವಾದ ಉಪಯೋಗ ದಾಖಲೆ ಪರಿಶೀಲನೆಯ ದಿನ. ಟೇಬಲ್ ಆಚೆ ಕುಳಿತವರು "ಅರ್ಜಿಯಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಏನಿದು?" ಎಂದು ಕೇಳುತ್ತಾರೆ. ಆಗ "ಸರ್, ಪರೀಕ್ಷೆಗೂ ಮುಂಚೆಯೇ ತಿಳಿಸಿದ್ದೇನೆ" ಎಂದು ಅವರದೇ ಕಚೇರಿಯ ಸೀಲ್ ಬಿದ್ದ ಪ್ರತಿ ತೋರಿಸಿದರೆ ಮಾತು ಅಲ್ಲಿಗೇ ಮುಗಿಯುವುದು ಜಾಸ್ತಿ. ಸೀಲಿನಲ್ಲಿರುವ ದಿನಾಂಕವೇ ನಿಮ್ಮ ಆಸ್ತಿ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆ ಬರೆದ ಪತ್ರಕ್ಕೂ, ಪರೀಕ್ಷೆಗೆ ಮುಂಚೆ ಬರೆದ ಪತ್ರಕ್ಕೂ ತುಂಬಾ ವ್ಯತ್ಯಾಸವಿದೆ. ಮೊದಲನೆಯದನ್ನು ಅನುಮಾನದಿಂದ ನೋಡುತ್ತಾರೆ.

ಯಾವ ತಪ್ಪಿಗೆ ಪತ್ರ ನಡೆಯುತ್ತದೆ, ಯಾವುದಕ್ಕೆ ನಡೆಯುವುದಿಲ್ಲ?

ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಸರಿಪಡಿಸಿದರೆ ನನಗೆ ಹೊಸದಾಗಿ ಏನಾದರೂ ಲಾಭ ಸಿಗುತ್ತದಾ?

ಹೆಸರಿನಲ್ಲಿ, ತಂದೆ ತಾಯಿಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದೆ, ಇಲ್ಲವೇ ಇನಿಷಿಯಲ್ ಹಿಂದುಮುಂದಾಗಿದೆ ಎಂದುಕೊಳ್ಳಿ. ಸರಿಪಡಿಸಿದರೆ ನಿಮ್ಮ ರ‍್ಯಾಂಕ್ ಒಂದಿಂಚೂ ಮೇಲೆ ಹೋಗುವುದಿಲ್ಲ. ಇದು ಕಾಗುಣಿತದ ತಪ್ಪು. ಪತ್ರ ಬರೆಯಲು ಅಡ್ಡಿಯಿಲ್ಲ.

ಮೀಸಲಾತಿ ಪ್ರವರ್ಗ, ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದ ಸ್ಥಳೀಯ ಮೀಸಲಾತಿ, ಮಾಜಿ ಸೈನಿಕ, ಇವನ್ನು ಟಿಕ್ ಮಾಡಲು ಮರೆತಿದ್ದರೆ ಅದು ಕಾಗುಣಿತವಲ್ಲ, ಹೊಸ ಹಕ್ಕು ಕೇಳಿದಂತೆ. ಅದನ್ನು "ಟೈಪಿಂಗ್ ತಪ್ಪು" ಎಂದು ಪತ್ರದಲ್ಲಿ ಬರೆದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸುವುದಂತೂ ಬೇಡವೇ ಬೇಡ. ಹೆಸರಿನ ತಪ್ಪನ್ನು ಸುಲಭವಾಗಿ ಒಪ್ಪುತ್ತಿದ್ದವರು, ಪಕ್ಕದಲ್ಲಿ ಪ್ರವರ್ಗದ ಕೋರಿಕೆ ನೋಡಿ ಇಡೀ ಪತ್ರವನ್ನೇ ಬದಿಗಿಡುತ್ತಾರೆ.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಕೂಡ ಮಾಡಿದೆ. ಬಿಹಾರದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಕರಣವದು. ತೀರ್ಪು ಬಂದಿದ್ದು 2024ರ ಜನವರಿಯಲ್ಲಿ. ಹುಡುಗ ಸೈಬರ್ ಕೆಫೆಯಿಂದ ಅರ್ಜಿ ಹಾಕಿದ್ದ. ಹುಟ್ಟಿದ ದಿನ ಅಂಕಪಟ್ಟಿಯಲ್ಲಿ 18-12-1997. ಅರ್ಜಿಯಲ್ಲಿ ಬಿದ್ದಿದ್ದು 08-12-1997. ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ ಎರಡೂ ಪಾಸಾಗಿದ್ದರೂ ಈ ಒಂದು ಅಂಕಿಗಾಗಿ ಅವನನ್ನು ಕೈಬಿಟ್ಟರು. ಯಾವ ದಿನಾಂಕ ಹಿಡಿದರೂ ವಯಸ್ಸಿನ ಮಿತಿಯೊಳಗೇ ಇದ್ದಾನೆ, ತಪ್ಪಿನಿಂದ ಅವನಿಗೆ ಯಾವ ಲಾಭವೂ ಆಗಿಲ್ಲ, ಆಯ್ಕೆಯಲ್ಲಿ ಆ ತಪ್ಪಿಗೆ ಪಾತ್ರವೇ ಇರಲಿಲ್ಲ ಎಂದು ಕೋರ್ಟ್ ಹೇಳಿತು. ಅವನನ್ನು ಕೈಬಿಟ್ಟಿದ್ದನ್ನು ರದ್ದು ಮಾಡಿತು.

ಆದರೆ ಆ ಹುಡುಗ ಪಾಟ್ನಾ ಹೈಕೋರ್ಟ್‌ನಲ್ಲಿ ಸೋತು, ವರ್ಷಗಟ್ಟಲೆ ಕಾದು, ದೆಹಲಿಯವರೆಗೆ ಹೋಗಿ ಗೆದ್ದಿದ್ದು. ಹಾಗಾಗಿ ಪತ್ರದಲ್ಲಿ "ಸುಪ್ರೀಂ ಕೋರ್ಟ್ ಹೇಳಿದೆ, ನೀವು ತಿದ್ದಲೇಬೇಕು" ಎಂದು ಬರೆಯಬೇಡಿ. "ಈ ತಪ್ಪಿನಿಂದ ನನ್ನ ಅರ್ಹತೆಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ" ಎಂಬ ಒಂದು ಸಾಲು ಸಾಕು. ತೀರ್ಪಿನ ಸಾರ ಅದೇ.

ಆಧಾರ್‌ನಲ್ಲಿ ಒಂದು ತರ, ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ತರ ಇದೆ. ಯಾವುದು "ಸರಿ"?

ನೇಮಕಾತಿ ಮಟ್ಟಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಸರಿ. ದಾಖಲೆ ಪರಿಶೀಲನೆಯಲ್ಲಿ ಮೊದಲು ಕೈಗೆತ್ತಿಕೊಳ್ಳುವುದೂ ಅದನ್ನೇ, ಯಾಕೆಂದರೆ ಹೆಸರು, ಹುಟ್ಟಿದ ದಿನ ಎರಡಕ್ಕೂ ಅದೇ ಆಧಾರ.

ನಮ್ಮ ಹೆಸರುಗಳ ಗೋಳೇ ಬೇರೆ. ಕನ್ನಡದಲ್ಲಿ ಮಂಜುನಾಥ ಅಂದರೆ ಮಂಜುನಾಥ. ಇಂಗ್ಲಿಷಿಗೆ ಬಂದ ಕೂಡಲೇ ಅಂಕಪಟ್ಟಿಯಲ್ಲಿ MANJUNATHA, ಆಧಾರ್‌ನಲ್ಲಿ MANJUNATH. ಕೊನೆಯ A ಎಲ್ಲಿ ಇರುತ್ತದೆ, ಎಲ್ಲಿ ಹಾರಿಹೋಗುತ್ತದೆ ಎಂಬುದು ಆ ಹೊತ್ತಿಗೆ ಕೀಬೋರ್ಡ್ ಮುಂದೆ ಕುಳಿತವರ ಮರ್ಜಿ. ಗೀತಾ ಮೈಸೂರು ಕಡೆ GEETHA, ಧಾರವಾಡ ಕಡೆ GEETA. ಲಕ್ಷ್ಮಿ ಒಬ್ಬಳೇ LAKSHMI, LAXMI, LAKSHMEE ಮೂರೂ ಆಗುತ್ತಾಳೆ. ಹಳೇ ಮೈಸೂರು ಕಡೆಯವರಿಗೆ ಇನಿಷಿಯಲ್ ಕಾಟ, ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರು ಮುಂದೋ ಹಿಂದೋ ಎಂಬ ಕಾಟ.

ಆದ್ದರಿಂದ ಪತ್ರ ಬರೆಯುವ ಮುಂಚೆ ಅರ್ಜಿಯ ಪ್ರಿಂಟ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು, ಬೆರಳಿಟ್ಟು, ಒಂದೊಂದೇ ಅಕ್ಷರ ನೋಡಿ. ಇನಿಷಿಯಲ್ ನಡುವಿನ ಚುಕ್ಕೆ, ಜಾಗ ಕೂಡ ನೋಡಿ. ಚುಕ್ಕೆಗೋಸ್ಕರ ಪತ್ರ ಬರೆಯುವ ಅಗತ್ಯವಿಲ್ಲ. ಎಷ್ಟೋ ಪೋರ್ಟಲ್‌ಗಳು ಚುಕ್ಕೆಯನ್ನು ತೆಗೆದುಕೊಳ್ಳುವುದೇ ಇಲ್ಲ.

ಅರ್ಜಿ ಮತ್ತು ಎಸ್‌ಎಸ್‌ಎಲ್‌ಸಿ ಎರಡೂ ಒಂದೇ ತರ ಇದ್ದು, ಆಧಾರ್ ಮಾತ್ರ ಬೇರೆ ಇದ್ದರೆ ಪ್ರಾಧಿಕಾರಕ್ಕೆ ಪತ್ರ ಬೇಡ. ಆಧಾರ್ ಕೇಂದ್ರಕ್ಕೆ ಹೋಗಿ ಆಧಾರ್ ಸರಿ ಮಾಡಿಸಿ.

ತಪ್ಪು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ಇದ್ದರೆ?

ಅದು ನೇಮಕಾತಿ ಪ್ರಾಧಿಕಾರದ ಕೆಲಸವೇ ಅಲ್ಲ. ನೀವು ಓದಿದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕು. ಶಾಲೆಯ ದಾಖಲಾತಿ ವಹಿಯಲ್ಲಿ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಅಂಕಪಟ್ಟಿ ತಿದ್ದಿಸಿಕೊಳ್ಳುವವರೆಗೆ ಅರ್ಜಿಯಲ್ಲಿ ಅಂಕಪಟ್ಟಿಯ ತಪ್ಪು ಸ್ಪೆಲಿಂಗನ್ನೇ ಹಾಕುವುದು ಕ್ಷೇಮ. ಹೇಳಲು ವಿಚಿತ್ರ ಅನ್ನಿಸುತ್ತೆ, ಆದರೆ ಹಾಗೆಯೇ.

ಯಾರ ಹೆಸರಿಗೆ ಬರೆಯಬೇಕು?

ವ್ಯಕ್ತಿಯ ಹೆಸರಿಗಲ್ಲ, ಹುದ್ದೆಗೆ. ಕರ್ನಾಟಕ ಲೋಕಸೇವಾ ಆಯೋಗವಾದರೆ ಕಾರ್ಯದರ್ಶಿಗಳಿಗೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾದರೆ ಕಾರ್ಯನಿರ್ವಾಹಕ ನಿರ್ದೇಶಕರಿಗೆ. ಬೇರೆ ಇಲಾಖೆಯಾದರೆ ಅಧಿಸೂಚನೆಯ ಕೊನೆಯಲ್ಲಿ ಸಹಿ ಮಾಡಿದವರ ಪದನಾಮ ಇರುತ್ತದೆ, ಅವರಿಗೇ ಬರೆಯಿರಿ. ಇಲ್ಲಿ ಒಂದು ಗೊಂದಲ ಆಗುತ್ತದೆ. ಹುದ್ದೆ ಒಂದು ಇಲಾಖೆಯದ್ದು, ಪರೀಕ್ಷೆ ನಡೆಸುವುದು ಇನ್ನೊಂದು ಸಂಸ್ಥೆ. ಅರ್ಜಿ ತೆಗೆದುಕೊಂಡವರು ಯಾರೋ, ಪತ್ರ ಅವರಿಗೆ. ಅರ್ಜಿ ನಮೂನೆಯ ಮೇಲ್ಭಾಗದಲ್ಲಿ ಯಾರ ಲಾಂಛನ ಇದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಒಂದು ಪತ್ರ ಬರೆದು ತೋರಿಸಿ

ಇದು ನನ್ನ ಅಂಗಡಿಯಲ್ಲೇ ಆದ ತಪ್ಪು. ಹೆಸರು ಮಾತ್ರ ಬದಲಿಸಿದ್ದೇನೆ. ಕೊನೆಯ ದಿನ, ಸರ್ವರ್ ನಿಧಾನ, ಹಿಂದೆ ಏಳೆಂಟು ಜನ ನಿಂತಿದ್ದರು. ಅಂಕಪಟ್ಟಿಯಲ್ಲಿ PUSHPALATHA K R. ನಾನು ಟೈಪ್ ಮಾಡಿದ್ದು PUSHPALTHA K R. ನಡುವೆ ಒಂದು A ಬಿಟ್ಟಿದ್ದೆ. ಹುಡುಗಿಯೂ ಪರದೆ ನೋಡಿ "ಸರಿ ಇದೆ ಅಣ್ಣ" ಅಂದಳು. ಇಬ್ಬರ ಕಣ್ಣೂ ಹೆಸರನ್ನು ಓದಿತು, ಅಕ್ಷರಗಳನ್ನಲ್ಲ. ಎಂಟು ದಿನದ ಮೇಲೆ ಅವಳ ತಮ್ಮ ಕಂಡುಹಿಡಿದ. ಆಗ ಬರೆದ ಪತ್ರ ಹೀಗಿತ್ತು:

ಇವರಿಗೆ,
ಕಾರ್ಯದರ್ಶಿಗಳು,
(ಪ್ರಾಧಿಕಾರದ ಹೆಸರು ಮತ್ತು ವಿಳಾಸ)

ಇವರಿಂದ,
ಪುಷ್ಪಲತಾ ಕೆ. ಆರ್.
(ಅರ್ಜಿಯಲ್ಲಿ ಕೊಟ್ಟ ವಿಳಾಸ, ಮೊಬೈಲ್ ಸಂಖ್ಯೆ, ಇಮೇಲ್)

ವಿಷಯ: ಆನ್‌ಲೈನ್ ಅರ್ಜಿಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿರುವುದನ್ನು ಸರಿಪಡಿಸುವ ಕುರಿತು.

ಉಲ್ಲೇಖ: 1) ಅಧಿಸೂಚನೆ ಸಂಖ್ಯೆ ಮತ್ತು ದಿನಾಂಕ
2) ನನ್ನ ಅರ್ಜಿ ಸಂಖ್ಯೆ

ಮಾನ್ಯರೇ,

ಉಲ್ಲೇಖ (1)ರ ಅಧಿಸೂಚನೆಯಂತೆ (ಹುದ್ದೆಯ ಹೆಸರು) ಹುದ್ದೆಗೆ ನಾನು ದಿನಾಂಕ ... ರಂದು ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಿ, ಶುಲ್ಕ ಪಾವತಿಸಿರುತ್ತೇನೆ. ಅರ್ಜಿಯಲ್ಲಿ "ಅಭ್ಯರ್ಥಿಯ ಹೆಸರು" ಎಂಬಲ್ಲಿ ಟೈಪ್ ಮಾಡುವಾಗ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ.

ಅರ್ಜಿಯಲ್ಲಿ ಇರುವುದು: PUSHPALTHA K R
ಇರಬೇಕಾದದ್ದು: PUSHPALATHA K R (ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆ)

ತಿದ್ದುಪಡಿಯ ಅವಧಿ ಮುಗಿದ ನಂತರ ಈ ತಪ್ಪು ನನ್ನ ಗಮನಕ್ಕೆ ಬಂದಿರುತ್ತದೆ. ಜನ್ಮ ದಿನಾಂಕ, ಪ್ರವರ್ಗ, ವಿದ್ಯಾರ್ಹತೆ ಸೇರಿದಂತೆ ಅರ್ಜಿಯ ಉಳಿದ ಎಲ್ಲ ವಿವರಗಳು ಸರಿಯಾಗಿದ್ದು, ಈ ತಿದ್ದುಪಡಿಯಿಂದ ನನ್ನ ಅರ್ಹತೆಯಲ್ಲಿ ಯಾವುದೇ ಬದಲಾವಣೆ ಆಗುವುದಿಲ್ಲ.

ಆದ್ದರಿಂದ ನನ್ನ ಹೆಸರನ್ನು ಅಂಕಪಟ್ಟಿಯಂತೆ ಸರಿಪಡಿಸಬೇಕೆಂದು, ಈ ಹಂತದಲ್ಲಿ ಅದು ಸಾಧ್ಯವಿಲ್ಲದಿದ್ದಲ್ಲಿ ಈ ಮನವಿಯನ್ನು ನನ್ನ ಅರ್ಜಿಯೊಂದಿಗೆ ಇರಿಸಿಕೊಂಡು ದಾಖಲೆ ಪರಿಶೀಲನೆಯ ವೇಳೆ ಪರಿಗಣಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಸ್ಥಳ:
ದಿನಾಂಕ:

ತಮ್ಮ ವಿಶ್ವಾಸಿ,
(ಸಹಿ)
ಪುಷ್ಪಲತಾ ಕೆ. ಆರ್.

ಲಗತ್ತು: 1) ಸಲ್ಲಿಸಿದ ಅರ್ಜಿಯ ಪ್ರತಿ 2) ಶುಲ್ಕ ಪಾವತಿ ರಸೀದಿ 3) ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ 4) ಗುರುತಿನ ಚೀಟಿಯ ಪ್ರತಿ

ಇಷ್ಟೇ. ಒಂದು ಪುಟ ದಾಟಬಾರದು.

ಇದರಲ್ಲಿ ಯಾವ ಸಾಲು ಮುಖ್ಯ?

"ಸಾಧ್ಯವಿಲ್ಲದಿದ್ದಲ್ಲಿ" ಎಂದು ಶುರುವಾಗುವ ಸಾಲು. ಬರೀ "ಸರಿಪಡಿಸಿ" ಎಂದು ಕೇಳಿದರೆ, ನಿಯಮದಲ್ಲಿ ಅವಕಾಶವಿಲ್ಲ ಎಂದು ಹೇಳಿ ಪತ್ರವನ್ನು ಮುಗಿಸಿಬಿಡುವುದು ಸುಲಭ. ಎರಡನೆಯ ಕೋರಿಕೆಗೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಪತ್ರವನ್ನು ಕಡತದಲ್ಲಿಟ್ಟರೆ ಸಾಕು. ಕೆಲಸ ಮಾಡುವವರಿಗೂ ಅದು ಹಗುರ.

ಇನ್ನೊಂದು, ಆ ಎರಡು ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟಿರುವುದು. "ನನ್ನ ಹೆಸರಿನಲ್ಲಿ ಏಳನೆಯ ಅಕ್ಷರ ಆದಮೇಲೆ ಇರಬೇಕಾದ..." ಎಂದೆಲ್ಲ ವಿವರಿಸಿದರೆ ಓದುವವರಿಗೆ ತಲೆ ಕೆಡುತ್ತದೆ. ಕೆಳಗೆ ಮೇಲೆ ಇಟ್ಟರೆ ಕಣ್ಣಿಗೆ ತಾನೇ ಕಾಣುತ್ತದೆ. ಪತ್ರ ಕನ್ನಡದಲ್ಲಿದ್ದರೂ ಆ ಎರಡು ಸಾಲು ಮಾತ್ರ ಅರ್ಜಿಯಲ್ಲಿ ಇರುವ ಲಿಪಿಯಲ್ಲೇ, ದೊಡ್ಡ ಅಕ್ಷರದಲ್ಲೇ ಇರಬೇಕು. ಕನ್ನಡದಲ್ಲಿ "ಪುಷ್ಪಲತಾ" ಎಂದು ಬರೆದರೆ ತಪ್ಪೇ ಕಾಣುವುದಿಲ್ಲ ಅಲ್ವಾ.

ನಗಬೇಡಿ, ತಪ್ಪು ತಿದ್ದಿಸಲು ಬರೆದ ಪತ್ರದಲ್ಲೇ ಹೆಸರು ತಪ್ಪು ಟೈಪ್ ಆಗಿದ್ದನ್ನೂ ನೋಡಿದ್ದೇನೆ. ಸಹಿ ಹಾಕುವ ಮುಂಚೆ ಆ ಎರಡು ಸಾಲನ್ನು ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಅಕ್ಷರ ಅಕ್ಷರ ಓದಿಸಿ.

"ಸೈಬರ್‌ನವರು ತಪ್ಪು ಮಾಡಿದರು" ಎಂದು ಬರೆಯಬಹುದಾ?

ನಾನೇ ಸೈಬರ್‌ನವನು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ತೆಗೆದುಕೊಳ್ಳಿ. ಬರೆಯಬಹುದು, ಆದರೆ ಪ್ರಯೋಜನ ಕಡಿಮೆ. ಸಲ್ಲಿಸುವ ಮುಂಚೆ "ಮೇಲಿನ ವಿವರಗಳೆಲ್ಲ ಸತ್ಯ" ಎಂಬ ಘೋಷಣೆಗೆ ಟಿಕ್ ಹಾಕಿರುವುದು ನಿಮ್ಮ ಹೆಸರಿನಲ್ಲಿ. ಬೆರಳು ಯಾರದ್ದಾದರೂ ಜವಾಬ್ದಾರಿ ಅಭ್ಯರ್ಥಿಯದ್ದೇ ಎಂದು ಕಚೇರಿಯವರು ನೋಡುತ್ತಾರೆ. "ಟೈಪ್ ಮಾಡುವಾಗ ಬಿಟ್ಟುಹೋಗಿದೆ" ಎಂದರೆ ಸುಳ್ಳೂ ಅಲ್ಲ, ದೂರೂ ಅಲ್ಲ.

ಹಾಗೇ ಮನೆಯ ಕಷ್ಟ, ತಂದೆಯ ಕಾಯಿಲೆ, ಬಡತನ ಇವೂ ಬೇಡ. ಅವು ಸುಳ್ಳೆಂದಲ್ಲ. ಒಂದು ಅಕ್ಷರದ ತಪ್ಪಿಗೆ ಮೂರು ಪುಟದ ಕತೆ ಬಂದರೆ, ಇದರಲ್ಲಿ ಇನ್ನೇನೋ ಇದೆ ಎಂದು ಓದುವವರಿಗೆ ಅನ್ನಿಸುತ್ತದೆ.

ಅಫಿಡವಿಟ್ ಮಾಡಿಸಬೇಕಾ?

ಒಂದು ಅಕ್ಷರಕ್ಕೆ ಮೊದಲೇ ಓಡಬೇಡಿ. ಅವರು ಕೇಳಿದರೆ ಮಾಡಿಸಿ. ಪರಿಶೀಲನೆಯ ದಿನ ಎಷ್ಟೋ ಸಲ ಅಲ್ಲೇ ಒಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡುತ್ತಾರೆ.

ಹೆಸರು ಪೂರ್ತಿ ಬೇರೆಯದೇ ಅನ್ನಿಸುವಂತಿದ್ದರೆ, ಉದಾಹರಣೆಗೆ ಅರ್ಜಿಯಲ್ಲಿ ಮದುವೆಯ ನಂತರದ ಹೆಸರು, ಅಂಕಪಟ್ಟಿಯಲ್ಲಿ ಮದುವೆಗೆ ಮುಂಚಿನ ಹೆಸರು ಇದ್ದರೆ, "ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ" ಎಂಬ ಅಫಿಡವಿಟ್ ಇಟ್ಟುಕೊಳ್ಳುವುದು ಒಳ್ಳೆಯದು. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ ನೋಟರಿ ಸಹಿ ಮಾಡಿಸಬೇಕು. ಕರ್ನಾಟಕದಲ್ಲಿ ಇದಕ್ಕೆ ಮೊದಲು 20 ರೂಪಾಯಿ ಸ್ಟಾಂಪ್ ಸಾಕಿತ್ತು, 2024ರಿಂದ 100 ರೂಪಾಯಿ ಆಗಿದೆ. ನೋಟರಿಯವರ ಫೀಸು ಬೇರೆ. ಅಫಿಡವಿಟ್‌ನಲ್ಲಿ ಎರಡೂ ಸ್ಪೆಲಿಂಗ್ ಇರಬೇಕು, ಯಾವುದು ಯಾವ ದಾಖಲೆಯಲ್ಲಿದೆ ಎಂದೂ ಇರಬೇಕು. ಸುಮ್ನೆ "ನನ್ನ ಹೆಸರು ಇದು" ಎಂದು ಬರೆಸಿದರೆ ಅದು ಯಾವುದಕ್ಕೂ ಬರುವುದಿಲ್ಲ.

ಲಗತ್ತಿಸುವ ಜೆರಾಕ್ಸ್‌ಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ರತಿ ಪುಟದ ಕೆಳಗೆ "ಸ್ವಯಂ ದೃಢೀಕರಿಸಿದೆ" ಎಂದು ಬರೆದು, ಅರ್ಜಿಯಲ್ಲಿ ಅಪ್‌ಲೋಡ್ ಮಾಡಿದ ತರದ್ದೇ ಸಹಿ ಹಾಕಿ. ಅಂಕಪಟ್ಟಿಯ ಪ್ರತಿಯಲ್ಲಿ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದರೆ ಹುಡುಕುವ ಕಷ್ಟ ತಪ್ಪುತ್ತದೆ. ಮೂಲ ಅಂಕಪಟ್ಟಿಯನ್ನು ಯಾವ ಕಾರಣಕ್ಕೂ ಕಳಿಸಬೇಡಿ, ಅದರ ಮೇಲೆ ಗೆರೆಯನ್ನೂ ಎಳೆಯಬೇಡಿ.

ಪತ್ರ ತಲುಪಿಸುವುದು ಹೇಗೆ?

ಬೆಂಗಳೂರಿಗೆ ಹೋಗಲು ಆಗುವುದಾದರೆ ಮುದ್ದಾಂ ಕೊಡುವುದೇ ಉತ್ತಮ. ಎರಡು ಪ್ರತಿ ಮಾಡಿಕೊಳ್ಳಿ. ಕಚೇರಿಯಲ್ಲಿ ಟಪಾಲು ವಿಭಾಗ ಎಂದು ಕೇಳಿದರೆ ತೋರಿಸುತ್ತಾರೆ. ಒಂದು ಪ್ರತಿ ಅವರು ಇಟ್ಟುಕೊಳ್ಳುತ್ತಾರೆ. ಇನ್ನೊಂದರ ಮೇಲೆ ಸೀಲ್, ದಿನಾಂಕ ಹಾಕಿಸಿಕೊಳ್ಳಿ. ಇನ್ವರ್ಡ್ ನಂಬರ್ ಕೂಡ ಬರೆಸಿಕೊಳ್ಳಿ, ಮುಂದೆ ವಿಚಾರಿಸುವಾಗ ಅವರು ಮೊದಲು ಕೇಳುವುದು ಅದನ್ನೇ. ಸೀಲ್ ಮಸುಕಾಗಿ ಬಿದ್ದರೆ ಇನ್ನೊಂದು ಸಲ ಹಾಕಿಕೊಡಿ ಎಂದು ಕೇಳಲು ನಾಚಿಕೆ ಬೇಡ. ದಿನಾಂಕ ಓದಲು ಬರದ ಸೀಲ್ ಇದ್ದೂ ಇಲ್ಲದಂತೆ.

ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್. ರಿಜಿಸ್ಟರ್ ಪೋಸ್ಟ್ ಎಂದು ಕೇಳಿದರೆ ಅದೀಗ ಬೇರೆ ಇಲ್ಲ, 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆಗೇ ಸೇರಿಸಿದೆ. ರಸೀದಿಯ ಮೇಲಿನ ಸಂಖ್ಯೆ ಹಾಕಿ ಅಂಚೆ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಿದರೆ ತಲುಪಿದ ದಿನ ಗೊತ್ತಾಗುತ್ತದೆ. ಆ ಪುಟವನ್ನು ಆಗಲೇ ಪ್ರಿಂಟ್ ತೆಗೆದು ಪತ್ರದ ಪ್ರತಿಗೆ ಪಿನ್ ಮಾಡಿ. ಕೆಲವು ತಿಂಗಳಾದರೆ ಆ ಮಾಹಿತಿ ವೆಬ್‌ಸೈಟ್‌ನಲ್ಲಿ ಸಿಗದೆ ಹೋಗಬಹುದು. ರಸೀದಿಯ ಶಾಯಿಯೂ ಅಳಿಸಿಹೋಗುತ್ತದೆ, ಅದನ್ನೂ ಜೆರಾಕ್ಸ್ ಮಾಡಿಸಿ.

ಇಮೇಲ್ ಕಳಿಸಿ, ಆದರೆ ಅದನ್ನೊಂದನ್ನೇ ನಂಬಬೇಡಿ. ಅರ್ಜಿಯಲ್ಲಿ ಕೊಟ್ಟ ಇಮೇಲ್‌ನಿಂದಲೇ ಕಳಿಸಿ. ಸಹಿ ಮಾಡಿದ ಪತ್ರ ಮತ್ತು ಲಗತ್ತುಗಳನ್ನು ಒಂದೇ ಪಿಡಿಎಫ್ ಮಾಡಿ. ಇಮೇಲ್ ವಿಷಯದ ಜಾಗದಲ್ಲಿ ಅರ್ಜಿ ಸಂಖ್ಯೆ, ಹುದ್ದೆ, "ಹೆಸರಿನ ತಿದ್ದುಪಡಿ" ಇಷ್ಟು ಇರಲಿ. ವಾರಕ್ಕೆ ಮೂರು ಸಲ ಅದೇ ಇಮೇಲ್ ಕಳಿಸುವುದರಿಂದ ನಿಮ್ಮ ಕೆಲಸವೇನೂ ಬೇಗ ಆಗುವುದಿಲ್ಲ.

ಉತ್ತರವೇ ಬರಲಿಲ್ಲ. ಈಗೇನು?

ಬಹಳಷ್ಟು ಸಲ ಬರುವುದಿಲ್ಲ. ಅದರರ್ಥ ತಿರಸ್ಕಾರ ಎಂದಲ್ಲ. ಪುಷ್ಪಲತಾಳ ಪತ್ರಕ್ಕೂ ಉತ್ತರ ಬರಲಿಲ್ಲ.

ಮೂರು ನಾಲ್ಕು ವಾರ ಕಾಯಿರಿ. ಆಮೇಲೆ ಸಹಾಯವಾಣಿಗೆ ಫೋನ್ ಮಾಡಿ ಇನ್ವರ್ಡ್ ನಂಬರ್ ಹೇಳಿ ಕೇಳಿ. ಅಲ್ಲೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, rtionline.karnataka.gov.in ಮೂಲಕವೂ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ನನ್ನ ಹೆಸರು ಯಾಕೆ ತಿದ್ದಿಲ್ಲ ಎಂದು ಜಗಳ ಆಡುವ ಜಾಗವಲ್ಲ ಅದು. "ಇಂಥ ದಿನಾಂಕದ, ಇಂಥ ಇನ್ವರ್ಡ್ ನಂಬರಿನ ನನ್ನ ಮನವಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಎಂದು ಕೇಳಿ. ದಾಖಲೆ ಕೇಳಿದರೆ ದಾಖಲೆ ಸಿಗುತ್ತದೆ. ಯಾಕೆ ಎಂದು ಕೇಳಿದರೆ "ಅದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಬರುತ್ತದೆ.

ಹಾಲ್ ಟಿಕೆಟ್‌ನಲ್ಲೂ ತಪ್ಪು ಹೆಸರೇ ಬಂದಿದೆ. ಪರೀಕ್ಷೆಗೆ ಬಿಡುತ್ತಾರಾ?

ಒಂದು ಅಕ್ಷರದ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಬಾಗಿಲಲ್ಲಿ ತಡೆಯುವುದಿಲ್ಲ. ಅಲ್ಲಿ ನೋಡುವುದು ಮುಖ, ಫೋಟೋ, ನೋಂದಣಿ ಸಂಖ್ಯೆ. ಆದರೂ ಮೂಲ ಗುರುತಿನ ಚೀಟಿ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ ಮತ್ತು ಸೀಲ್ ಬಿದ್ದ ಪತ್ರದ ಪ್ರತಿಯನ್ನೂ ಗೇಟಿನವರೆಗೆ ತೆಗೆದುಕೊಂಡು ಹೋಗಿ. ಒಳಗೆ ಏನು ಬಿಡುತ್ತಾರೆ ಎಂಬುದು ಹಾಲ್ ಟಿಕೆಟ್ ಹಿಂದೆ ಬರೆದಿರುತ್ತದೆ. ಹೊರಗೆ ಕಾಯುವವರ ಕೈಲಿ ಕೊಟ್ಟಿದ್ದರೂ ಆಯಿತು.

ಹಾಲ್ ಟಿಕೆಟ್ ಮೇಲೆ ಪೆನ್ನಿನಿಂದ ತಿದ್ದಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅಕ್ಷರದ ತಪ್ಪಿದ್ದ ಹಾಲ್ ಟಿಕೆಟ್ ಸಣ್ಣ ವಿಷಯ. ಕೈಯಿಂದ ತಿದ್ದಿದ ಹಾಲ್ ಟಿಕೆಟ್ ದೊಡ್ಡ ವಿಷಯ, ಅದರಲ್ಲಿ ನಿಮ್ಮ ಮೇಲೇ ಅನುಮಾನ ಬರುತ್ತದೆ. ಓಎಂಆರ್ ಹಾಳೆಯಲ್ಲಿ ಹೆಸರು ಬರೆಯಬೇಕಾಗಿ ಬಂದರೆ ಹಾಲ್ ಟಿಕೆಟ್‌ನಲ್ಲಿ ಇರುವಂತೆಯೇ ಬರೆಯಿರಿ. ಯಂತ್ರ ನಿಮ್ಮನ್ನು ಗುರುತು ಹಿಡಿಯುವುದು ನೋಂದಣಿ ಸಂಖ್ಯೆಗೆ ತುಂಬಿದ ವೃತ್ತಗಳಿಂದ, ಹೆಸರಿನಿಂದಲ್ಲ. ಕೊಠಡಿ ಮೇಲ್ವಿಚಾರಕರ ಪಟ್ಟಿಯಲ್ಲಿ ಸಹಿ ಹಾಕುವಾಗ ಎಂದಿನ ಸಹಿಯನ್ನೇ ಹಾಕಿ.

ಕೇಂದ್ರದ ಎಸ್‌ಎಸ್‌ಸಿ, ರೈಲ್ವೆ ಅರ್ಜಿಗೂ ಇದೇ ಪತ್ರ ಕಳಿಸಬಹುದಾ?

ಕಳಿಸಬಹುದು, ಆದರೆ ಕೆಲಸ ಆಗುತ್ತದೆ ಎಂದು ಕಾಯಬೇಡಿ. ಅಲ್ಲಿ ತಿದ್ದುಪಡಿಗೆ ದುಡ್ಡು ಕಟ್ಟುವ ವ್ಯವಸ್ಥೆಯೇ ಇದೆ. ಎಸ್‌ಎಸ್‌ಸಿಯಲ್ಲಿ ತಿದ್ದುಪಡಿಯ ದಿನಗಳಲ್ಲಿ ಮೊದಲ ಸಲಕ್ಕೆ 200 ರೂಪಾಯಿ, ಎರಡನೆಯ ಸಲಕ್ಕೆ 500 ರೂಪಾಯಿ. ಆ ದಿನಗಳು ಮುಗಿದ ಮೇಲೆ ಅಂಚೆ, ಇಮೇಲ್ ಯಾವುದರಿಂದ ಬಂದ ಕೋರಿಕೆಯನ್ನೂ ಪರಿಗಣಿಸುವುದಿಲ್ಲ ಎಂದು ಅಧಿಸೂಚನೆಯಲ್ಲೇ ಹೇಳಿರುತ್ತಾರೆ. ರೈಲ್ವೆ ನೇಮಕಾತಿ ಮಂಡಳಿಯಲ್ಲಿ ತಿದ್ದುಪಡಿ ಶುಲ್ಕ 250 ರೂಪಾಯಿ. ಆದರೆ ಖಾತೆ ತೆರೆಯುವಾಗ ಕೊಟ್ಟ ವಿವರಗಳನ್ನು ದುಡ್ಡು ಕಟ್ಟಿದರೂ ಬದಲಿಸಲು ಬಿಡುವುದಿಲ್ಲ, ಹೆಸರು ಬರುವುದು ಅಲ್ಲೇ. ಹಾಗಾಗಿ ರೈಲ್ವೆ ಖಾತೆ ತೆರೆಯುವಾಗ ನಾನು ಈಗ ಅಂಕಪಟ್ಟಿಯನ್ನು ಅಭ್ಯರ್ಥಿಯ ಕೈಗೆ ಕೊಟ್ಟು, ಅವರು ಒಂದೊಂದೇ ಅಕ್ಷರ ಹೇಳಿದ ಮೇಲೆ ಒತ್ತುತ್ತೇನೆ.

ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ರಾಜ್ಯದ ಕಚೇರಿಗೆ ಕನ್ನಡದಲ್ಲೇ ಬರೆಯಿರಿ, ಟಿಪ್ಪಣಿಯೂ ಅಲ್ಲಿ ಕನ್ನಡದಲ್ಲೇ ಆಗುತ್ತದೆ. ಕೇಂದ್ರದ ಕಚೇರಿಗೂ ಕನ್ನಡದಲ್ಲಿ ಬರೆಯುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಆದರೆ ಓದುವವರು ಕನ್ನಡದವರಲ್ಲದಿದ್ದರೆ ಅದು ಅನುವಾದಕ್ಕೆ ಹೋಗಿ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಅಲ್ಲಿಗೆ ಇಂಗ್ಲಿಷಿನಲ್ಲಿ ಬರೆಯುವುದು ಜಾಣತನ.

ಇನ್ನೊಂದು ಹೊಸ ಅರ್ಜಿ ಹಾಕಿಬಿಡಬಹುದಾ?

ಅರ್ಜಿಯ ಕೊನೆಯ ದಿನಾಂಕ ಇನ್ನೂ ಮುಗಿದಿಲ್ಲ, ಎಡಿಟ್ ಮಾತ್ರ ಆಗುತ್ತಿಲ್ಲ ಎಂದಾದರೆ ಈ ಯೋಚನೆ ಬರುತ್ತದೆ. ಮೊದಲು ಅಧಿಸೂಚನೆಯಲ್ಲಿ "ಒಂದಕ್ಕಿಂತ ಹೆಚ್ಚು ಅರ್ಜಿ" ಎಂಬ ಭಾಗ ಓದಿ. ಕೆಲವರು ಕೊನೆಯದನ್ನು ತೆಗೆದುಕೊಳ್ಳುತ್ತಾರೆ, ಕೆಲವರು ಎಲ್ಲವನ್ನೂ ತಿರಸ್ಕರಿಸುತ್ತೇವೆ ಎಂದು ಬರೆದಿರುತ್ತಾರೆ. ಎರಡನೆಯ ತರದವರಾದರೆ ಒಂದು ಅಕ್ಷರ ಉಳಿಸಲು ಹೋಗಿ ಇಡೀ ಅರ್ಜಿ ಕಳೆದುಕೊಳ್ಳುತ್ತೀರಿ.

ಪುಷ್ಪಲತಾಳಿಗೆ ಕೊನೆಗೆ ಏನಾಯಿತು?

ಹಾಲ್ ಟಿಕೆಟ್‌ನಲ್ಲಿ ತಪ್ಪು ಹಾಗೇ ಬಂತು. ಪರೀಕ್ಷೆ ಬರೆದಳು. ಪರಿಶೀಲನೆಯ ದಿನ ಅಂಕಪಟ್ಟಿ ನೋಡಿದವರು ಪೆನ್ನು ನಿಲ್ಲಿಸಿ ತಲೆಯೆತ್ತಿದರಂತೆ. ಅವಳು ಸೀಲ್ ಬಿದ್ದ ಪ್ರತಿ ಮುಂದಿಟ್ಟಳು. ದಿನಾಂಕ ನೋಡಿ, ಒಂದು ಮುಚ್ಚಳಿಕೆ ಬರೆಸಿಕೊಂಡು ಮುಂದಿನವರನ್ನು ಕರೆದರು. ಕೆಲಸಕ್ಕೆ ಸೇರುವಾಗ ನೇಮಕಾತಿ ಆದೇಶದಲ್ಲಿ A ಬಂದಿದೆಯೋ ಇಲ್ಲವೋ ನೋಡಲು ಹೇಳಿದ್ದೆ. ಯಾಕೆಂದರೆ ಅಲ್ಲಿ ತಪ್ಪು ಉಳಿದರೆ ಸೇವಾ ವಹಿಗೂ ಸಂಬಳದ ಪಟ್ಟಿಗೂ ಅದೇ ಹೋಗುತ್ತದೆ, ಪ್ಯಾನ್ ಕಾರ್ಡ್ ಜೊತೆ ಹೊಂದುವುದಿಲ್ಲ. ಫೋನ್ ಮಾಡಿ, "ಬಂದಿದೆ ಅಣ್ಣ, ಈ ಸಲ ಬೆರಳಿಟ್ಟು ಓದಿದೆ" ಅಂದಳು.